ನಿಂದ್ರಿಸಿದ ಮಗ್ಗ

ನನ್ನ ಪ್ರತಿಫಲನ ಟಿಪ್ಪಣಿಯ ಮೊದಲ ಕರಡಿನಲ್ಲಿ ‘ನಾನು’ ಎಂಬ ಪದ ಒಂದು ಕಡೆಯೂ ಇರಲಿಲ್ಲ. ಅದನ್ನು ಗಮನಿಸಿದ್ದು ನಾನಲ್ಲ, ಇತಿಹಾಸ ಬೋಧನೆಯ ಮೇಡಂ. ‘ಬರಹಕ್ಕಿಳಿಸುವ ಹಂತದಲ್ಲಿ ಒಂದು ದೋಷ ನುಸುಳಿತು’ ಎಂದು ಬರೆದಿದ್ದೆ. ಆ ಸಾಲಿನ ಪಕ್ಕದಲ್ಲಿ ಅವರು ಪೆನ್ಸಿಲಿನಲ್ಲಿ ಒಂದೇ ಪದ ಬರೆದು ಹಾಳೆಯನ್ನು ಹಿಂದಿರುಗಿಸಿದರು: ‘ಯಾರಿಂದ?’

ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ನಾನು ಗದಗಿನಲ್ಲಿ ಬಿ.ಎಡ್. ಸೇರಿದ್ದೆ. ಲಕ್ಷ್ಮೇಶ್ವರದ ನಮ್ಮ ಮನೆಯಿಂದ ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಎರಡನೆಯ ವರ್ಷ ಮೂರು ಮೂರು ಜನರ ತಂಡ ಮಾಡಿ ಸ್ಥಳೀಯ ಇತಿಹಾಸದ ಒಂದು ಯೋಜನೆ ಕೊಟ್ಟರು. ವರದಿ ಬರೆಯಬೇಕು, ಪ್ರದರ್ಶನಕ್ಕೆ ಒಂದು ಫಲಕ ಮಾಡಬೇಕು. ಕೊನೆಗೆ ಪ್ರತಿಯೊಬ್ಬರೂ ಒಂದು ಪುಟದ ಪ್ರತಿಫಲನ ಟಿಪ್ಪಣಿ ಬರೆದು ಪೋರ್ಟ್‌ಫೋಲಿಯೊಕ್ಕೆ ಸೇರಿಸಬೇಕು. ಏನು ಮಾಡಿದೆವು, ಏನು ತಪ್ಪಾಯಿತು, ಅದರಲ್ಲಿ ನನ್ನ ಪಾತ್ರವೇನು, ಶಿಕ್ಷಕಿಯಾದ ಮೇಲೆ ಇದೇ ಕೆಲಸವನ್ನು ಮಕ್ಕಳಿಂದ ಹೇಗೆ ಮಾಡಿಸುತ್ತೇನೆ. ಮೊದಲನೆಯದು ಮತ್ತು ಕೊನೆಯದು ಎಲ್ಲರಿಗೂ ಸುಲಭ. ನಡುವಿನ ಎರಡನ್ನು ಎಲ್ಲರೂ ಒಂದೊಂದು ಸಾಲಿನಲ್ಲಿ ದಾಟುತ್ತಿದ್ದರು.

ನಮ್ಮ ತಂಡದಲ್ಲಿ ನನ್ನ ಜೊತೆ ಇದ್ದವರು ಇಬ್ಬರು. ಒಬ್ಬಳು ಬೆಟಗೇರಿಯ ನೇಕಾರರ ಮನೆಯ ಹುಡುಗಿ. ಅಪ್ಪ ಈಗ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ, ಮನೆಯಲ್ಲಿ ಮಗ್ಗ ಉಳಿದಿಲ್ಲ. ಇನ್ನೊಬ್ಬ ಅಡರಕಟ್ಟಿಯವನು. ಹೊಲದ ಕೆಲಸ ಮುಗಿಸಿ ನನ್ನ ಬಸ್ಸನ್ನೇ ಹತ್ತುತ್ತಿದ್ದ, ಕಾಲೇಜು ಬರುವವರೆಗೆ ಮಾತು ನಿಲ್ಲಿಸುತ್ತಿರಲಿಲ್ಲ. ಮೂವರೂ ಗ್ರಂಥಾಲಯದಲ್ಲಿ ಕುಳಿತು ಮೊದಲು ಶೀರ್ಷಿಕೆ ಬರೆದುಕೊಂಡೆವು: ‘ಬೆಟಗೇರಿಯ ಕೈಮಗ್ಗ: ಏಳಿಗೆ ಮತ್ತು ಅವನತಿ’. ಆಗ ನಾವು ಇನ್ನೂ ಒಬ್ಬರನ್ನೂ ಮಾತಾಡಿಸಿರಲಿಲ್ಲ. ಅದರಲ್ಲಿ ಏನಾದರೂ ತಪ್ಪಿದೆ ಎಂದು ಮೂವರಿಗೂ ಅನ್ನಿಸಲಿಲ್ಲ.

ಕೆಲಸವನ್ನು ಹಂಚಿಕೊಂಡು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಮೇಡಂಗೆ ಕೊಟ್ಟೆವು. ಸಂದರ್ಶನ ಮೂವರದು. ಫೋನಿನಲ್ಲಿ ಮುದ್ರಿಸಿಕೊಂಡ ಮಾತನ್ನು ಕೇಳಿ ಬರಹಕ್ಕಿಳಿಸುವುದು ಗೆಳತಿಯದು. ಫೋಟೊ ಮತ್ತು ನಕ್ಷೆ ಅಡರಕಟ್ಟಿಯವನದು. ವರದಿ ಮತ್ತು ಫಲಕದ ಭಾಷೆ ನನ್ನದು. ನನ್ನ ಕನ್ನಡ ಚೆನ್ನಾಗಿದೆ ಎಂಬುದು ತರಗತಿಯಲ್ಲಿ ಎಲ್ಲರೂ ಒಪ್ಪಿಕೊಂಡ ವಿಷಯವಾಗಿತ್ತು. ನಾನೂ ಒಪ್ಪಿಕೊಂಡಿದ್ದೆ.

ಸಂದರ್ಶನಕ್ಕೆ ಆರಿಸಿಕೊಂಡದ್ದು ಗೆಳತಿಯ ಆಯಿಯನ್ನು, ಅಂದರೆ ಅವಳ ಅಪ್ಪನ ತಾಯಿಯನ್ನು. ಎಂಬತ್ತು ದಾಟಿದ ಹೆಂಗಸು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಎಷ್ಟು ಕಲ್ತೀಯವಾ?” ಎಂದರು.

“ಎಂ.ಎ. ಮಾಡೇನ್ರಿ.”

“ಮತ್ತ ಇನ್ನೂ ಸಾಲಿಗೆ ಹೊಕ್ಕಿ?”

“ಕಲಸಾಕ ಕಲಿಯಾಕತ್ತೇನ್ರಿ.”

“ಕಲ್ತಿದ್ದನ್ನ ಕಲಸಾಕ ಮತ್ತ ಕಲೀಬೇಕಾ?” ಎಂದು ಅವರು ಮೊಮ್ಮಗಳ ಕಡೆ ತಿರುಗಿದರು. “ನಾ ಲಾಳಿ ಹೊಡಿಯಾಕ ಕಲ್ತ ದಿವಸನ ಇನ್ನೊಬ್ಬಾಕಿಗೆ ಕಲಿಸಿನಿ.”

ಗೆಳತಿ ನಗುತ್ತ ಚಹಾ ಮಾಡಲು ಒಳಗೆ ಹೋದಳು. ಅಡರಕಟ್ಟಿಯವನು ಪಕ್ಕದ ಮನೆಯ ವಿದ್ಯುತ್ ಮಗ್ಗದ ಫೋಟೊ ತೆಗೆಯಲು ಹೊರಗೆ ಹೋದ. ಹಾಗಾಗಿ ಪ್ರಶ್ನೆ ಕೇಳಿದವಳು ನಾನೊಬ್ಬಳೇ. ಗೆಳತಿಯ ಫೋನು ನಮ್ಮಿಬ್ಬರ ನಡುವೆ ಚಾಪೆಯ ಮೇಲೆ ಮಾತನ್ನು ಮುದ್ರಿಸಿಕೊಳ್ಳುತ್ತಿತ್ತು. ಗಂಡ ಏನು ಮಾಡುತ್ತಿದ್ದರು ಎಂದು ಕೇಳಿದೆ. ಮಂದಿಯ ಮಗ್ಗಕ್ಕೆ ನೇಯಲು ಹೋಗುತ್ತಿದ್ದರು, ತಾನು ಮನೆಯಲ್ಲಿ ಕುಳಿತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದೆ ಎಂದರು. ಆಮೇಲೆ ಏನಾಯಿತು ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು:

“ಅವ್ರು ತೀರಿಕೊಂಡ ವರ್ಷ ಕುಣಿ ತೋಡ್ಸಿ ಮಗ್ಗ ನಿಂದ್ರಿಸಿದೆ. ಮುಂದ ಎಲ್ಲಾ ನಾನ.”

ನಮ್ಮದು ವ್ಯಾಪಾರಸ್ಥರ ಮನೆ. ನಮ್ಮಲ್ಲಿ ನೆಲದಲ್ಲಿ ಅಗೆದದ್ದಕ್ಕೆಲ್ಲ ತಗ್ಗು ಎನ್ನುತ್ತೇವೆ. ಕುಣಿ ಎಂಬ ಮಾತು ಬರುವುದು ಯಾರಾದರೂ ತೀರಿಕೊಂಡಾಗ ಮಾತ್ರ, ಅದೂ ಗಂಡಸರ ಬಾಯಲ್ಲಿ, ಮೆಲುದನಿಯಲ್ಲಿ. ಆ ಪದ ಕಿವಿಗೆ ಬಿದ್ದ ಕೂಡಲೇ ನಾನು ತಲೆ ತಗ್ಗಿಸಿ ಪುಸ್ತಕದಲ್ಲಿ ಏನೋ ಬರೆಯತೊಡಗಿದೆ. ಅವರ ಕೈ ಅಲುಗಿದ್ದು ಮಾತ್ರ ಕಣ್ಣಂಚಿಗೆ ಬಿತ್ತು. ಯಾವ ಕಡೆಗೆ ತೋರಿಸಿದರು ಎಂದು ನೋಡಲಿಲ್ಲ. ದುಃಖದ ಮಾತನ್ನು ಕೆದಕಬಾರದು ಎಂದು ಮುಂದಿನ ಪ್ರಶ್ನೆಗೆ ಹೋದೆ. ಅದು ಸೌಜನ್ಯ ಎಂದೇ ತಿಳಿದಿದ್ದೆ.

ಒಂದು ವಾರದಲ್ಲಿ ಗೆಳತಿ ಆ ಧ್ವನಿಮುದ್ರಣವನ್ನೆಲ್ಲ ಕೇಳಿ, ಆಯಿ ಆಡಿದಂತೆಯೇ ಅಕ್ಷರಕ್ಕಿಳಿಸಿ, ಗೆರೆಯ ಹಾಳೆಗಳಲ್ಲಿ ಬರೆದು ತಂದುಕೊಟ್ಟಳು. ಎಲ್ಲ ‘ಐತಿ’ಗಳೂ ‘ಆತು’ಗಳೂ ಹಾಗೇ ಇದ್ದವು. ನಾನು ಅವನ್ನು ಲಕ್ಷ್ಮೇಶ್ವರಕ್ಕೆ ಒಯ್ದು ಒಂದು ಭಾನುವಾರ ತಿದ್ದಲು ಕುಳಿತೆ. ವರದಿ ಪುಸ್ತಕದ ಕನ್ನಡದಲ್ಲಿರಬೇಕು ಎಂದು ನಿಯಮವೇನೂ ಇರಲಿಲ್ಲ. ಇರಬೇಕು ಎಂದು ನನಗೆ ಅನ್ನಿಸಿತ್ತು. ಆ ವಾಕ್ಯಕ್ಕೆ ಬಂದಾಗ ‘ಕುಣಿ ತೋಡ್ಸಿ’ ಎಂಬುದನ್ನು ತೆಗೆದುಹಾಕಿದೆ. ಒಬ್ಬ ವಿಧವೆ ಗಂಡನ ಗೋರಿಯ ಬಗ್ಗೆ ಆಡಿದ ಮಾತನ್ನು ಕಾಲೇಜಿನ ವರದಿಯಲ್ಲಿ ಹಾಕುವುದು ಸರಿಯಲ್ಲ ಎನ್ನಿಸಿತು. ‘ನಿಂದ್ರಿಸಿದೆ’ ಎಂಬುದನ್ನು ‘ನಿಲ್ಲಿಸಿದರು’ ಎಂದು ಮಾಡಿದೆ. ವಾಕ್ಯ ಹೀಗಾಯಿತು: ‘ಪತಿ ತೀರಿಕೊಂಡ ವರ್ಷ ಅವರು ಮಗ್ಗ ನಿಲ್ಲಿಸಿದರು.’

ಗೆಳತಿ ವರದಿಯ ಕರಡನ್ನು ಓದಿ ಒಪ್ಪಿದಳು. ಅವಳು ಓದಿದ್ದು ಬೇರೆ ಅರ್ಥವನ್ನು, ನಾನು ಬರೆದದ್ದು ಬೇರೆ ಅರ್ಥವನ್ನು. ಕಂಬ ನಿಲ್ಲಿಸುವುದೂ ನಿಲ್ಲಿಸುವುದೇ, ಗಾಡಿ ನಿಲ್ಲಿಸುವುದೂ ನಿಲ್ಲಿಸುವುದೇ. ಅಲ್ಲಿಯವರೆಗೆ ಆ ವಾಕ್ಯದಲ್ಲಿ ಎರಡೂ ಇದ್ದವು.

ಫಲಕ ಮುದ್ರಿಸಲು ಗದಗಿನ ಒಂದು ಡಿಟಿಪಿ ಅಂಗಡಿಗೆ ಹೋದವಳು ನಾನೊಬ್ಬಳೇ. ‘ಅವನತಿ’ ಎಂಬ ತಲೆಬರಹದ ಕೆಳಗೆ ಆಯಿಯ ಫೋಟೊ, ಅದರ ಕೆಳಗೆ ಒಂದು ಸಾಲು ಬೇಕಿತ್ತು. ‘ನಿಲ್ಲಿಸಿದರು’ ಎಂಬುದು ಅಲ್ಲಿ ಸಪ್ಪೆಯಾಗಿ ಕಂಡಿತು. ಅಂಗಡಿಯವನ ಪಕ್ಕದಲ್ಲಿ ನಿಂತೇ ಅದನ್ನು ಬದಲಿಸಿದೆ: ‘ಪತಿಯ ಮರಣದೊಂದಿಗೆ ಮಗ್ಗವೂ ಸ್ಥಗಿತಗೊಂಡಿತು.’ ಅಂಗಡಿಯವನು ಕೂಡ ಓದಿ, “ಚಲೋ ಬಂತ್ರಿ ಈಗ” ಎಂದ.

ಪ್ರದರ್ಶನದ ದಿನ ಒಂದು ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ ಫಲಕಗಳನ್ನು ತೂಗುಹಾಕಿದ್ದರು. ಗೆಳತಿ ಆಯಿಯನ್ನು ಆಟೊದಲ್ಲಿ ಕರೆತಂದಿದ್ದಳು. ಅಂಚಿನ ಹಳೆಯ ಸೀರೆ, ಕೈಯಲ್ಲಿ ಒಂದು ಚೀಲ. ತಮ್ಮ ಫೋಟೊದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಕಣ್ಣು ಮಂಜು, ಅಕ್ಷರವೂ ಬಾರದು. ಮೇಡಂ ತಾವೇ ಬಂದು, “ನಾ ಓದತೇನ ತಡೀರಿ ಅಮ್ಮಾರ” ಎಂದು ಗಟ್ಟಿಯಾಗಿ ಓದಿದರು.

ಕೊನೆಯ ಸಾಲಿಗೆ ಆಯಿ ಕೈ ಎತ್ತಿದರು.

“ಅಕ್ಕಾರ, ಅದೇನಂದ್ರಿ, ಸ್ಥಗಿತ ಅಂದ್ರ?”

“ಬಂದ್ ಆತು ಅಂತ್ರಿ. ಯಜಮಾನ್ರು ಹೋದ ಮ್ಯಾಲೆ ಮಗ್ಗ ಬಂದ್ ಆತು ಅಂತ.”

“ಯಾರ ಮಗ್ಗ?”

“ನಿಮ್ದು.”

“ಅವ್ರು ಇದ್ದಾಗ ನಮ್ಮನ್ಯಾಗ ಮಗ್ಗನ ಇದ್ದಿದ್ದಿಲ್ಲಲ್ರಿ” ಎಂದರು ಆಯಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವರಿಗೆ ತಿಳಿಹೇಳುವ ಸಮಾಧಾನವಿತ್ತು. “ಅವ್ರು ಹೋದ ಮ್ಯಾಲೆ ಪಡಸಾಲ್ಯಾಗ ಕುಣಿ ತೋಡ್ಸೀನಿ. ಕಾಲು ಇಳಿಬಿಟ್ಟು ಕುಂಡ್ರಾಕ ಬೇಕಲ್ರಿ. ಮಗ್ಗ ನಿಂದ್ರಿಸಿ ಅದರಾಗ ಮೂರು ಮಕ್ಕಳನ್ನ ಬೆಳಸೀನಿ. ಕೇಳಾಕ ಬಂದ ಈ ಹುಡುಗೀಗೆ ಕೈ ಮಾಡಿ ಜಾಗಾ ಸೈತ ತೋರಿಸಿದ್ದೆ.” ಆಯಿ ಫಲಕವನ್ನು ಬೆರಳಿನಿಂದ ಒಮ್ಮೆ ತಟ್ಟಿದರು. “ನಾ ಇಪ್ಪತ್ತು ವರ್ಷ ನಡಿಸಿದ್ದನ್ನ ನೀವು ಕಾಗದದಾಗ ಒಂದ ಸಾಲಿನಾಗ ಬಂದ್ ಮಾಡೀರಿ. ಭಾಳ ಜಲ್ದಿ ಆತು ಬಿಡ್ರಿ ಕೆಲಸ.”

ಯಾರೋ ನಕ್ಕರು. ಮೇಡಂ ನಗಲಿಲ್ಲ. ಅವರ ಕೈಯಲ್ಲಿ ನಮ್ಮ ಕೆಲಸ ಹಂಚಿಕೆಯ ಹಾಳೆ ಇತ್ತು. ಅದನ್ನು ನೋಡಿ, “ಮಾತು ಕೇಳಿ ಬರಹಕ್ಕಿಳಿಸಿದವರು ಯಾರು?” ಎಂದರು.

“ನಾನ್ರಿ ಮೇಡಂ” ಎಂದಳು ಗೆಳತಿ.

“ನಿಮ್ಮ ಆಯಿ ಮಾತು ನಿಮಗ ತಿಳೀಲಿಲ್ಲೇನು?”

ಗೆಳತಿ ಫಲಕವನ್ನು ನೋಡುತ್ತಿದ್ದಳು. ಅದನ್ನು ಅವಳು ನೋಡಿದ್ದು ಅದೇ ಮೊದಲು. ಆ ಸಾಲು ಎಲ್ಲಿಂದ ಬಂತು ಎಂದು ಅವಳಿಗೆ ಆ ಕ್ಷಣದಲ್ಲಿ ತಿಳಿದಿರಬೇಕು. ನನ್ನ ಕಡೆ ತಿರುಗಲಿಲ್ಲ. ನಾನು ಅವಳಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಎಲ್ಲರೆದುರು ಏಕೆ, ಆಮೇಲೆ ಮೇಡಂ ಕೋಣೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಹೋಗಲಿಲ್ಲ.

ಮುಂದಿನ ವಾರ ಸೂಚನಾ ಫಲಕದ ಮೇಲೆ ತಾತ್ಕಾಲಿಕ ಅಂಕಗಳು ಬಂದವು. ತಂಡದ ಅಂಕ ಮೂವರಿಗೂ ಒಂದೇ. ವೈಯಕ್ತಿಕ ಕೊಡುಗೆಯ ಅಂಕದಲ್ಲಿ ಗೆಳತಿಯದು ತರಗತಿಯಲ್ಲೇ ಕಡಿಮೆ, ನನ್ನದು ಹೆಚ್ಚು. ‘ಭಾಷೆ ಉತ್ತಮ’ ಎಂದು ನನ್ನ ಹೆಸರಿನ ಮುಂದೆ ಷರಾ ಇತ್ತು. ಪ್ರತಿಫಲನ ಟಿಪ್ಪಣಿಗಳನ್ನು ಓದಿದ ಮೇಲೆಯೇ ಅಂಕಗಳನ್ನು ಅಂತಿಮಗೊಳಿಸಿ ಕಳಿಸುತ್ತೇನೆ ಎಂದು ಮೇಡಂ ತರಗತಿಯಲ್ಲಿ ಹೇಳಿದರು. ಹಾಗಾಗಿ ಆ ಒಂದು ಪುಟದಲ್ಲಿ ನಾನು ಏನು ಬರೆಯುತ್ತೇನೆ ಎಂಬುದರ ಮೇಲೆ ಅವಳ ಅಂಕ ನಿಂತಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದರ ಬಗ್ಗೆ ನಾವು ಮಾತಾಡಲಿಲ್ಲ. ಊಟದ ಡಬ್ಬಿ ಮೊದಲಿನಂತೆಯೇ ಜೊತೆಗೆ ಬಿಚ್ಚುತ್ತಿದ್ದೆವು. ರೊಟ್ಟಿಗೆ ಅವಳು ಶೇಂಗಾ ಚಟ್ನಿ ತರುತ್ತಿದ್ದಳು, ಕೇಳದೆಯೇ ನನ್ನ ಕಡೆ ಸರಿಸುತ್ತಿದ್ದಳು.

ಮೊದಲ ಕರಡು ‘ಯಾರಿಂದ?’ ಎಂಬ ಪದ ಹೊತ್ತು ಹಿಂದಿರುಗಿದ್ದು ಆಗ. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮತ್ತೆ ಓದಿದೆ. ‘ದೋಷ ನುಸುಳಿತು’, ‘ಅರ್ಥ ವ್ಯತ್ಯಾಸವಾಯಿತು’, ‘ಗೊಂದಲ ಉಂಟಾಯಿತು’. ಎಲ್ಲವೂ ತಮ್ಮಷ್ಟಕ್ಕೆ ತಾವೇ ಆಗಿದ್ದವು. ಮಳೆ ಬಂದಂತೆ, ಕತ್ತಲಾದಂತೆ. ಅಡರಕಟ್ಟಿಯವನು ಹಿಂದಿನ ಸೀಟಿನಿಂದ ಬಗ್ಗಿ ನೋಡಿದ.

“ತಾಂತ್ರಿಕ ಕಾರಣ ಅಂತ ಬರೀರಿ, ಮುಗೀತು” ಎಂದ. “ನಮ್ಮೂರಾಗ ಕರೆಂಟ್ ಹೋದ್ರೂ ತಾಂತ್ರಿಕ ಕಾರಣ, ಮದುವಿ ಮುರುದ್ರೂ ತಾಂತ್ರಿಕ ಕಾರಣ. ಮುಂದ ಯಾರೂ ಏನೂ ಕೇಳೂದಿಲ್ಲ.”

“ನೀವು ಏನು ಬರದ್ರಿ?”

“ನಾನಾ? ಫೋಟೊ ತೆಗಿಯಾಕ ಅಂತ ಹೊರಗ ಹೋಗಿ ವಿದ್ಯುತ್ ಮಗ್ಗದವ್ರ ಕೂಡ ಹರಟಿ ಹೊಡಕೋತ ನಿಂತೆ, ಆಯಿ ಮಾತು ಒಂದೂ ಕೇಳಲಿಲ್ಲ, ಕೇಳಿದ್ರ ನನಗ ಕುಣಿಮಗ್ಗ ಗೊತ್ತಿತ್ತು ಅಂತ ಬರದೆ. ಖರೆ ಹೇಳಿದ್ದಕ್ಕ ಮೇಡಂ ಒಂದು ಅಂಕ ಜಾಸ್ತಿ ಕೊಡಬಹುದು ಅಂತ ಆಸೆ.”

ಅವನು ನಕ್ಕ. ಅಷ್ಟು ಸಲೀಸಾಗಿ ಬರೆಯಬಹುದು ಎಂಬುದು ನನಗೆ ಹೊಳೆದಿರಲಿಲ್ಲ.

ಆದರೂ ಎರಡನೆಯ ಕರಡಿನಲ್ಲಿ ನಾನು ಬರೆದದ್ದು ‘ನಾವು’ ಎಂದು. ‘ನಾವು ಆಡುಮಾತಿನ ಪದವನ್ನು ತಪ್ಪಾಗಿ ಅರ್ಥೈಸಿಕೊಂಡೆವು.’ ಅದು ಮೊದಲನೆಯದಕ್ಕಿಂತ ಪ್ರಾಮಾಣಿಕವಾಗಿ ಕಂಡಿತ್ತು. ಮೇಡಂ ಅದನ್ನು ನನ್ನೆದುರಿಗೇ ಓದಿ, ‘ನಾವು’ ಎಂಬುದಕ್ಕೆ ಒಂದು ಸುತ್ತು ಹಾಕಿದರು.

“ನಾವು ಅಂದ್ರ ಎಷ್ಟು ಮಂದಿ?” ಎಂದರು.

“ತಂಡ, ಮೇಡಂ.”

“ತಂಡಕ್ಕ ಪೆನ್ ಹಿಡಿಯಾಕ ಬರ್ತೈತೇನು?” ಅವರು ಗದರಿಸಲಿಲ್ಲ. “ನೀವು ಇತಿಹಾಸ ಓದಿದವ್ರು. ಒಂದು ದಾಖಲೆ ಕೈಗೆ ಬಂದ್ರ ಮೊದಲು ಏನು ಕೇಳತೀರಿ? ಬರದವ್ರು ಯಾರು, ತಿದ್ದಿದವ್ರು ಯಾರು. ಇದೂ ಒಂದು ದಾಖಲೆನ. ಮೂಲ ಪ್ರತಿ ಇಟ್ಟೀರಲ್ಲ? ಅದನ್ನ ನೋಡಿ ಬರೀರಿ.”

ಮೂಲ ಪ್ರತಿ ನನ್ನ ಬಳಿಯೇ ಇತ್ತು. ಆ ಸಂಜೆ ಮನೆಯಲ್ಲಿ ಕಪಾಟಿನಿಂದ ಗೆಳತಿಯ ಹಾಳೆಗಳನ್ನು ತೆಗೆದೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಆಸರೆ ಇತ್ತು. ಬಹುಶಃ ಅವಳ ಬರವಣಿಗೆಯೇ ಸ್ಪಷ್ಟವಿರಲಿಲ್ಲವೇನೋ, ಒಂದು ಪದ ಬಿಟ್ಟುಹೋಗಿತ್ತೇನೋ ಎಂದು. ಬಿಟ್ಟುಹೋಗಿರಲಿಲ್ಲ. ‘ಅವ್ರು ತೀರಿಕೊಂಡ ವರ್ಷ ಕುಣಿ ತೋಡ್ಸಿ ಮಗ್ಗ ನಿಂದ್ರಿಸಿದೆ. ಮುಂದ ಎಲ್ಲಾ ನಾನ.’ ದುಂಡಗಿನ ಅಕ್ಷರಗಳು, ಒಂದೂ ಅಳಿಸಿಲ್ಲ. ‘ಕುಣಿ ತೋಡ್ಸಿ’ಯ ಮೇಲೆ ಕೆಂಪು ಗೆರೆ ಇತ್ತು. ನಾನು ಯಾವಾಗಲೂ ಸ್ಕೇಲ್ ಇಟ್ಟು ಹೊಡೆಯುವ ಗೆರೆ, ಎರಡೂ ತುದಿ ಪದಕ್ಕೆ ಸರಿಯಾಗಿ ನಿಂತಿದ್ದವು. ‘ಮುಂದ ಎಲ್ಲಾ ನಾನ’ ಎಂಬುದರ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಅನಗತ್ಯ’ ಎಂದಿತ್ತು. ಅದನ್ನು ಬರೆದದ್ದು ನನಗೆ ನೆನಪೇ ಇರಲಿಲ್ಲ. ಮಗ್ಗ ನಿಂತುಹೋಗಿದ್ದರೆ ಮುಂದೆ ಎಲ್ಲ ತಾನೇ ಎಂದು ಒಬ್ಬ ಹೆಂಗಸು ಏಕೆ ಹೇಳುತ್ತಾಳೆ ಎಂಬ ಪ್ರಶ್ನೆ ಆ ಭಾನುವಾರ ನನಗೆ ಬಂದಿರಲಿಲ್ಲ. ಶೀರ್ಷಿಕೆಯಲ್ಲಿ ಅವನತಿ ಎಂದು ಬರೆದಿದ್ದೆವು, ನಾನು ಅವನತಿಯನ್ನು ಹುಡುಕುತ್ತಿದ್ದೆ.

ಮೂರನೆಯ ಕರಡಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅದು ಮೊದಲ ಎರಡಕ್ಕಿಂತ ಚಿಕ್ಕದಾಗಿತ್ತು. ಅದರ ನಡುವಿನ ಭಾಗವನ್ನು ಇಲ್ಲಿ ಇದ್ದಂತೆಯೇ ಕೊಡುತ್ತೇನೆ:

‘ಬರಹಕ್ಕಿಳಿಸಿದ ಪ್ರತಿ ಸರಿಯಾಗಿತ್ತು. ಅದನ್ನು ನಾನು ಮೂರು ಸಲ ಬದಲಿಸಿದೆ. ಮೊದಲ ಸಲ ಕುಣಿ ಎಂದರೆ ಗೋರಿ ಎಂದು ತಿಳಿದು ಆ ಪದವನ್ನು ತೆಗೆದೆ. ಎರಡನೆಯ ಸಲ ನಿಂದ್ರಿಸಿದೆ ಎಂಬುದನ್ನು ನಿಲ್ಲಿಸಿದರು ಎಂದು ಮಾಡಿ, ಮುಂದ ಎಲ್ಲಾ ನಾನ ಎಂಬುದನ್ನು ಅನಗತ್ಯವೆಂದು ಬಿಟ್ಟೆ. ಮೂರನೆಯ ಸಲ, ತಂಡದವರಿಗೆ ತೋರಿಸದೆ, ಫಲಕದಲ್ಲಿ ಸ್ಥಗಿತಗೊಂಡಿತು ಎಂದು ಬರೆಸಿದೆ. ಸಂದರ್ಶನದಲ್ಲಿ ಅವರು ಕೈಯಿಂದ ಮಗ್ಗದ ಜಾಗ ತೋರಿಸಿದಾಗ ನಾನು ನೋಡಲಿಲ್ಲ. ಅರ್ಥ ಕೇಳಲೂ ಇಲ್ಲ. ಪ್ರದರ್ಶನದ ದಿನ ತಪ್ಪು ಯಾರದೆಂಬ ಪ್ರಶ್ನೆ ಬಂದಾಗ ನಾನು ಅಲ್ಲೇ ಇದ್ದೆ, ಹೇಳಲಿಲ್ಲ. ಮೂಲ ಪ್ರತಿಯ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.’

ಮಕ್ಕಳಿಂದ ಹೇಗೆ ಮಾಡಿಸುತ್ತೇನೆ ಎಂಬ ಕೊನೆಯ ಭಾಗದಲ್ಲಿ ಎರಡೇ ಮಾತು ಬರೆದೆ. ಹೇಳಿದವರ ಮಾತು ಹೇಳಿದಂತೆಯೇ ಮೊದಲು ಬರುತ್ತದೆ, ನಮ್ಮ ಮಾತು ಅದರ ಕೆಳಗೆ. ಬರೆದ ಮೇಲೆ ಅದನ್ನು ಹೇಳಿದವರಿಗೆ ಓದಿ ಹೇಳಬೇಕು. ಶೀರ್ಷಿಕೆಯನ್ನು ಕೊನೆಗೆ ಬರೆಯಬೇಕು ಎಂದೂ ಸೇರಿಸಬೇಕಿತ್ತು. ಮರೆತೆ.

ಹಾಳೆಯನ್ನು ಮೇಡಂಗೆ ಕೊಡುವ ಮೊದಲು ಗೆಳತಿಗೆ ಕೊಟ್ಟೆ. ಗದಗಿನ ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಮೇಲೆ ಕುಳಿತು ಅವಳು ಪೂರ್ತಿ ಓದಿದಳು. ನಾನು ಬಸ್ಸುಗಳ ಬೋರ್ಡು ನೋಡುತ್ತಿದ್ದೆ. ಒಂದು ಮುಂಡರಗಿಯದು, ಒಂದು ಶಿರಹಟ್ಟಿಯದು.

“ಪ್ರದರ್ಶನದ ಮಾತು ಬರೀಬೇಕಾಗಿದ್ದಿಲ್ಲ” ಎಂದಳು.

“ಅದು ಆಗಿದ್ದು.”

“ಹೂಂ.” ಹಾಳೆಯನ್ನು ಮಡಚಿ ವಾಪಸು ಕೊಟ್ಟಳು. “ಆವತ್ತ ನೀ ಹೇಳ್ತಿ ಅಂತ ಕಾದೆ. ಆಮ್ಯಾಲೆ ಕಾಯೂದು ಬಿಟ್ಟೆ. ಕುಣಿ ಅಂದ್ರ ಏನು ಅಂತ ನನ್ನ ಕೇಳಿದ್ರ ಮುಗೀತಿತ್ತಲೇ. ಚಹಾ ಮಾಡಾಕತ್ತಿದ್ದೆ, ಓಡಿ ಹೋಗಿದ್ದಿಲ್ಲ.”

ಅವಳು ನನ್ನನ್ನು ‘ಲೇ’ ಎಂದದ್ದು ಅದೇ ಮೊದಲು. ಎರಡು ವರ್ಷದಿಂದ ನಾನು ಅವಳಿಗೆ ಸ್ವಲ್ಪ ದೂರದವಳೇ ಆಗಿದ್ದೆ ಎಂದು ಆಗ ತಿಳಿಯಿತು.

ಮೇಡಂ ಆ ಟಿಪ್ಪಣಿಯ ಮೇಲೆ ಏನನ್ನೂ ಬರೆಯಲಿಲ್ಲ. ಸಹಿ ಮಾಡಿ ಪೋರ್ಟ್‌ಫೋಲಿಯೊಕ್ಕೆ ಸೇರಿಸಿದರು. ಅಂತಿಮ ಪಟ್ಟಿಯಲ್ಲಿ ಗೆಳತಿಯ ಅಂಕ ಏರಿತ್ತು. ನನ್ನದು ಅವಳದಕ್ಕಿಂತ ಕೆಳಗೆ ಬಂದಿತ್ತು, ‘ಭಾಷೆ ಉತ್ತಮ’ ಎಂಬ ಷರಾ ಹೋಗಿತ್ತು. ಅಡರಕಟ್ಟಿಯವನಿಗೆ ಖರೆ ಹೇಳಿದ್ದಕ್ಕೆ ಏನೂ ಹೆಚ್ಚು ಸಿಗಲಿಲ್ಲ. ಅದನ್ನು ಅವನು ಬಸ್ಸಿನಲ್ಲಿ ಒಂದು ವಾರ ಹೇಳಿದ.

ಫಲಕದ ಆ ಸಾಲಿನ ಮೇಲೆ ನಾನು ಬಿಳಿ ಕಾಗದ ಅಂಟಿಸಿ ಆಯಿಯ ಮಾತನ್ನು ಕೈಯಲ್ಲಿ ಬರೆದೆ, ಅವರು ಆಡಿದಂತೆಯೇ. ಕುಣಿ ಎಂದರೆ ನೇಯುವವರು ಕಾಲಿಳಿಬಿಟ್ಟು ಕೂಡಲು ಮಗ್ಗದ ಕೆಳಗೆ ತೋಡುವ ತಗ್ಗು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದೆ. ‘ಅವನತಿ’ ಎಂಬ ತಲೆಬರಹ ಮಾತ್ರ ಮೇಲೆ ಹಾಗೇ ಉಳಿಯಿತು. ಅದನ್ನು ಮುಚ್ಚುವಷ್ಟು ದೊಡ್ಡ ಕಾಗದ ಆ ದಿನ ಇರಲಿಲ್ಲ.

ಕೆಲವು ದಿನಗಳ ನಂತರ ಗೆಳತಿ ಊಟದ ಡಬ್ಬಿ ಬಿಚ್ಚುತ್ತ ಹೇಳಿದಳು, “ಆಯಿ ಕೇಳಾಕತ್ತಿದ್ಲು. ಕಾಗದದಾಗ ಮಗ್ಗ ಮತ್ತ ಚಾಲೂ ಆತೇನು ಅಂತ.”

“ಆತು ಅಂತ ಹೇಳು.”

“ನಾ ಯಾಕ ಹೇಳ್ಲಿ?” ಎಂದು ಅವಳು ಚಟ್ನಿಯನ್ನು ನನ್ನ ಕಡೆ ಸರಿಸಿದಳು. “ನೀನ ಬಂದು ಓದಿ ಹೇಳು. ಬರದೀಯಲ್ಲ, ಓದಿ ಹೇಳಬೇಕು ಅಂತ.”

ಆ ಶನಿವಾರ ಮಧ್ಯಾಹ್ನ ಬೆಟಗೇರಿಗೆ ಹೋದೆ. ಪಡಸಾಲೆಯಲ್ಲಿ ಕುಳಿತು ಆ ಸಾಲನ್ನು ಓದಿ ಹೇಳಿದೆ. ಆಯಿ ಕೇಳಿ, ಸರಿ ಐತಿ ಎನ್ನುವಂತೆ ತಲೆಯಾಡಿಸಿ, ನೆಲದ ಕಡೆ ಕೈ ಮಾಡಿದರು. ಈ ಸಲ ನೋಡಿದೆ. ನಾನು ಕುಳಿತ ಚಾಪೆಯ ಅಂಚು ಸರಿಸಿದರೆ, ಕುಣಿ ಮುಚ್ಚಲು ಹಾಸಿದ ಮೂರು ಉದ್ದನೆಯ ಕಲ್ಲುಗಳು ಉಳಿದ ನೆಲಕ್ಕಿಂತ ಬೇರೆ ಬಣ್ಣದಲ್ಲಿದ್ದವು. ಸಂದರ್ಶನದ ದಿನವೂ ನಾನು ಅದೇ ಜಾಗದಲ್ಲಿ ಕುಳಿತಿದ್ದೆ.